ತಪ್ಪಿದ ಕಂತಿನ ಲೆಕ್ಕ

ಅಂಚೆ ಕಚೇರಿಯಲ್ಲಿ ಆರ್‌ಡಿ ಕಟ್ಟುವವರನ್ನು ಕೇಳಿ ನೋಡಿ. ಒಂದು ಕಂತು ತಪ್ಪಿದರೆ ಕೊನೆಗೆ ಸಿಗುವ ದುಡ್ಡಿನಲ್ಲಿ ದೊಡ್ಡ ಕಡಿತ ಆಗುತ್ತದೆ ಎಂದೇ ಹೆಚ್ಚಿನವರ ಭಯ. ಆ ಭಯದಲ್ಲೇ ಕೆಲವರು ‘ಹೇಗೂ ಹೋಯಿತು’ ಎಂದು ಮುಂದಿನ ಕಂತುಗಳನ್ನೂ ಕೈಬಿಡುತ್ತಾರೆ. ಲೆಕ್ಕ ಹಾಕಿದರೆ ಕಾಣುವುದೇ ಬೇರೆ. ದಂಡ ಚಿಕ್ಕದು, ನಷ್ಟವಾಗುವುದು ಕೈಬಿಟ್ಟಾಗ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಚನ್ನರಾಯಪಟ್ಟಣದಲ್ಲಿ ಟೈಲರಿಂಗ್ ಮಾಡುವ ಮಹಿಳೆಯೊಬ್ಬರು 2024ರ ಜೂನ್ 10ರಂದು ತಿಂಗಳಿಗೆ 1,000 ರೂಪಾಯಿಯ ಆರ್‌ಡಿ ತೆರೆದರು ಎನ್ನಿ. ಅಂಚೆ ಕಚೇರಿಯ ಆರ್‌ಡಿ ಅವಧಿ 5 ವರ್ಷ, ಅಂದರೆ 60 ಕಂತು. ಆಗಿನ ಬಡ್ಡಿ ಶೇ 6.7. ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರಿ, ಅದಕ್ಕೂ ಬಡ್ಡಿ ಬೆಳೆಯುತ್ತದೆ. ಖಾತೆ ತೆರೆದ ದಿನದ ದರವೇ ಕೊನೆಯವರೆಗೂ ನಡೆಯುವುದರಿಂದ ಲೆಕ್ಕ ನಡುವೆ ಬದಲಾಗುವುದಿಲ್ಲ. ಒಂದೂ ಕಂತು ತಪ್ಪಿಸದೆ ಕಟ್ಟಿದರೆ 60,000 ರೂಪಾಯಿಗೆ ಕೊನೆಯಲ್ಲಿ ಸುಮಾರು 71,366 ರೂಪಾಯಿ ಬರುತ್ತದೆ.

ಹತ್ತನೇ ಕಂತು 2025ರ ಮಾರ್ಚ್‌ನದು. ಆ ತಿಂಗಳು ಕೈಯಲ್ಲಿ ಕಾಸಿರಲಿಲ್ಲ, ಕಟ್ಟಲಿಲ್ಲ. ಏಪ್ರಿಲ್‌ನಲ್ಲಿ ಹೋದಾಗ ಕೌಂಟರಿನಲ್ಲಿ ಮೊದಲು ಮಾರ್ಚ್ ತಿಂಗಳ ಬಾಕಿ, ಅದರ ದಂಡ, ಆಮೇಲೆ ಏಪ್ರಿಲ್ ಕಂತು, ಈ ಕ್ರಮದಲ್ಲಿ ಕೇಳುತ್ತಾರೆ. ಹಳೆಯದನ್ನು ಬಿಟ್ಟು ಈ ತಿಂಗಳದ್ದು ಮಾತ್ರ ಕಟ್ಟುತ್ತೇನೆ ಎಂದರೆ ನಡೆಯುವುದಿಲ್ಲ. ದಂಡ 100 ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ. ಹಾಗಾಗಿ 1,000ದ ಕಂತು ಒಂದು ತಿಂಗಳು ತಡವಾದರೆ 10 ರೂಪಾಯಿ. ಒಟ್ಟು 2,010 ರೂಪಾಯಿ ಕೊಟ್ಟರೆ ಖಾತೆ ಸರಿಹೋಯಿತು.

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇಲ್ಲಿದೆ. ಈ 10 ರೂಪಾಯಿ ಖಾತೆಗೆ ಜಮಾ ಆಗುವುದೂ ಇಲ್ಲ, ಕೊನೆಯ ಮೊತ್ತದಿಂದ ಕಳೆಯುವುದೂ ಇಲ್ಲ. ಅದು ಬೇರೆಯಾಗಿ ಕೈಯಿಂದ ಕೊಡುವ ದುಡ್ಡು. ಬಾಕಿ ಮತ್ತು ದಂಡ ಎರಡನ್ನೂ ಕಟ್ಟಿದ ಮೇಲೆ ಕೊನೆಗೆ ಬರುವುದು ಅದೇ 71,366. ಬಡ್ಡಿಯ ಲೆಕ್ಕದಿಂದ ನೋಡಿದರೆ ದಂಡ ಅಗ್ಗವಲ್ಲ ಎಂಬುದೂ ನಿಜ. ಒಂದು ಸಾವಿರಕ್ಕೆ ಒಂದು ತಿಂಗಳಲ್ಲಿ ಬೆಳೆಯುವ ಬಡ್ಡಿ ಐದೂವರೆ ರೂಪಾಯಿಯಷ್ಟು, ದಂಡ ಹತ್ತು. ವರ್ಷಕ್ಕೆ ಶೇ 12ರ ಲೆಕ್ಕವಾಯಿತು. ಆದರೂ 11,366 ರೂಪಾಯಿ ಬಡ್ಡಿಯ ಎದುರು ಈ ಹತ್ತು ರೂಪಾಯಿಗೆ ಯಾರೂ ನಿದ್ದೆಗೆಡಬೇಕಿಲ್ಲ.

ಇದೇ ಮಹಿಳೆ ಮಾರ್ಚ್, ಏಪ್ರಿಲ್, ಮೇ ಮೂರೂ ತಿಂಗಳು ಕಟ್ಟದೆ, ಮಕ್ಕಳ ಶಾಲೆಯ ಫೀಸು ಮುಗಿಸಿ ಜೂನ್‌ನಲ್ಲಿ ಬಂದರು ಎನ್ನೋಣ. ಆಗ ದಂಡ 30 ರೂಪಾಯಿ ಎಂದುಕೊಂಡರೆ ತಪ್ಪು. ಮಾರ್ಚ್ ಕಂತು ಮೂರು ತಿಂಗಳು ತಡ, ಅದಕ್ಕೆ 30. ಏಪ್ರಿಲ್‌ನದು ಎರಡು ತಿಂಗಳು, 20. ಮೇ ತಿಂಗಳದ್ದು 10. ಒಟ್ಟು 60. ನಾಲ್ಕು ಕಂತುಗಳ ಜೊತೆ 4,060 ರೂಪಾಯಿ ಕೊಡಬೇಕು. ಜೂನ್‌ ಕಂತನ್ನೂ ಬಿಟ್ಟು ಜುಲೈಗೆ ಹೋದರೆ ದಂಡ 100ಕ್ಕೆ ಏರುತ್ತದೆ, ಕೊಡಬೇಕಾದ್ದು 5,100. ದಂಡಕ್ಕಿಂತ ಕಷ್ಟದ್ದು ಈ ಒಟ್ಟು ಮೊತ್ತವೇ. ಒಂದು ಸಾವಿರ ಹೊಂದಿಸಲು ಆಗದವರು ಐದು ಸಾವಿರವನ್ನು ಒಟ್ಟಿಗೆ ಎಲ್ಲಿಂದ ತರುತ್ತಾರೆ?

ನಾಲ್ಕು ಎಂಬ ಸಂಖ್ಯೆಗೆ ನಿಯಮದಲ್ಲೂ ತೂಕವಿದೆ. ನಾಲ್ಕು ಕಂತು ತಪ್ಪಿದರೆ ಖಾತೆ ಸ್ಥಗಿತ. ನಾಲ್ಕನೆಯದು ತಪ್ಪಿದಾಗಿನಿಂದ ಎರಡು ತಿಂಗಳೊಳಗೆ ಬಾಕಿಯನ್ನೂ ದಂಡವನ್ನೂ ಕಟ್ಟಿ ಅದನ್ನು ಮತ್ತೆ ಚಾಲೂ ಮಾಡಿಸಿಕೊಳ್ಳಬಹುದು. ಆ ಗಡುವೂ ದಾಟಿದರೆ ಆ ಖಾತೆಗೆ ಮುಂದೆ ಕಟ್ಟಲು ಬಿಡುವುದಿಲ್ಲ. ಒಳ್ಳೆಯ ದರಕ್ಕೆ ಹಿಡಿದಿಟ್ಟ ಉಳಿದ ಕಂತುಗಳು ಅಲ್ಲಿಗೆ ಕೈತಪ್ಪಿದವು. ತಪ್ಪಿದ ಕಂತು ನಾಲ್ಕಕ್ಕಿಂತ ಹೆಚ್ಚಿಲ್ಲದಿದ್ದರೆ ಇನ್ನೊಂದು ದಾರಿಯೂ ಇದೆ. ಎಷ್ಟು ಕಂತು ತಪ್ಪಿದೆಯೋ ಅಷ್ಟು ತಿಂಗಳು ಖಾತೆಯ ಅವಧಿಯನ್ನು ಮುಂದಕ್ಕೆ ಹಾಕಿಸಿ, ಆ ತಿಂಗಳುಗಳಲ್ಲಿ ಬಾಕಿ ಕಟ್ಟಬಹುದು. ದುಡ್ಡು ಕೈಗೆ ಬರುವುದು ಅಷ್ಟೇ ತಿಂಗಳು ತಡವಾಗುತ್ತದೆ.

ಇನ್ನು ತಪ್ಪಿದ ಕಂತನ್ನು ಕಟ್ಟದೇ ಹೋದರೆ ಎಷ್ಟು ಕಳೆದುಕೊಳ್ಳುತ್ತೇವೆ? ಹತ್ತನೇ ಕಂತಿನ 1,000 ರೂಪಾಯಿ ಖಾತೆಯಲ್ಲಿ ಇನ್ನೂ 51 ತಿಂಗಳು ಬೆಳೆಯಬೇಕಿತ್ತು. ಶೇ 6.7ರಂತೆ ಅದು 1,326 ರೂಪಾಯಿ ಆಗುತ್ತಿತ್ತು. ಸಾವಿರ ನಮ್ಮ ಬಳಿಯೇ ಉಳಿಯಿತು ಎಂದರೂ ಬಡ್ಡಿಯ 326 ಹೋಯಿತು. ಅದೇ 58ನೇ ಕಂತು ತಪ್ಪಿದರೆ ಹೋಗುವ ಬಡ್ಡಿ ಬರೀ 17 ರೂಪಾಯಿ. ಶುರುವಿನ ಕಂತುಗಳೇ ಬೆಲೆಯುಳ್ಳವು. ಹತ್ತು ರೂಪಾಯಿ ದಂಡಕ್ಕೆ ಬೇಸರಪಟ್ಟು 326 ಬಿಟ್ಟುಕೊಡುವುದು ಯಾವ ಜಾಣತನ?

ಬ್ಯಾಂಕುಗಳಲ್ಲಿ ಲೆಕ್ಕ ಸ್ವಲ್ಪ ಬಿಗಿ. ಎಸ್‌ಬಿಐನಲ್ಲಿ 5 ವರ್ಷದವರೆಗಿನ ಆರ್‌ಡಿಗೆ ದಂಡ 100ಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ. ಮೇಲಿನ ಮೂರು ತಿಂಗಳ ಬಾಕಿಗೆ 60ರ ಜಾಗದಲ್ಲಿ 90 ಆಗುತ್ತದೆ. ಕೆಲವು ಬ್ಯಾಂಕುಗಳು ದಂಡವನ್ನು ಅವಧಿ ಮುಗಿದಾಗ ಬರುವ ಮೊತ್ತದಲ್ಲೇ ಮುರಿದುಕೊಳ್ಳುತ್ತವೆ, ಜೊತೆಗೆ ತಡವಾಗಿ ಬಂದ ಕಂತಿಗೆ ಬಂದ ದಿನದಿಂದ ಮಾತ್ರ ಬಡ್ಡಿ ಕೊಡುತ್ತವೆ. ಅಲ್ಲಿ ನಿಜಕ್ಕೂ ಕೊನೆಯ ಮೊತ್ತ ಇಳಿಯುತ್ತದೆ. ನಿಮ್ಮ ಬ್ಯಾಂಕು ಯಾವ ರೀತಿ ಮಾಡುತ್ತದೆ ಎಂದು ಖಾತೆ ತೆರೆಯುವಾಗಲೇ ಕೇಳಿಕೊಳ್ಳಬೇಕು. ಮುಗಿಯುವಾಗ ಕೇಳಿದರೆ ಪ್ರಯೋಜನವಿಲ್ಲ.

ದುಡ್ಡಿದ್ದೂ ಕಂತು ತಪ್ಪುವುದುಂಟು, ಅದಕ್ಕೆ ಕಾರಣ ತಾರೀಖು. ಅಂಚೆ ಆರ್‌ಡಿಯನ್ನು ತಿಂಗಳ 15ರೊಳಗೆ ತೆರೆದಿದ್ದರೆ ಪ್ರತಿ ಕಂತಿನ ಗಡುವೂ 15. 16ರ ನಂತರ ತೆರೆದವರಿಗೆ ಮಾತ್ರ ತಿಂಗಳ ಕೊನೆಯ ಕೆಲಸದ ದಿನದವರೆಗೆ ಸಮಯವಿದೆ. ನಮ್ಮ ಉದಾಹರಣೆಯ ಮಹಿಳೆ ಖಾತೆ ತೆರೆದದ್ದು 10ರಂದು. 20ಕ್ಕೆ ಹಣ ತಂದರೆ ಅದೇ ತಿಂಗಳಾದರೂ ಗಡುವು ಮೀರಿತು. ತಿಂಗಳ ಕೊನೆಗೆ ಕೈಗೆ ಕಾಸು ಬರುವವರು ಖಾತೆಯನ್ನೇ 16ರ ಮೇಲೆ ತೆರೆದರೆ ಎಷ್ಟೋ ಕಿರಿಕಿರಿ ತಪ್ಪುತ್ತದೆ. ಏಜೆಂಟರ ಕೈಗೆ ದುಡ್ಡು ಕೊಡುವವರಿಗೆ ಇನ್ನೊಂದು ಮಾತು. ಏಜೆಂಟರ ಕಾರ್ಡಿನಲ್ಲಿ ಸಹಿ ಬಿದ್ದ ದಿನ ಕಂತು ಕಟ್ಟಿದಂತಲ್ಲ, ಅಂಚೆ ಕಚೇರಿಯಲ್ಲಿ ಜಮಾ ಆದ ದಿನ ಕಟ್ಟಿದಂತೆ. ನೀವು 5ಕ್ಕೆ ಕೊಟ್ಟ ದುಡ್ಡು 18ಕ್ಕೆ ಜಮಾ ಆದರೆ ದಂಡ ನಿಮ್ಮ ಖಾತೆಗೇ ಬೀಳುತ್ತದೆ.

ಕೆಲಸ ಹೆಚ್ಚಿರುವ ತಿಂಗಳಲ್ಲಿ ಕೈತುಂಬ ಹಣವಿದ್ದರೆ ಮುಂಗಡವಾಗಿಯೂ ಕಟ್ಟಬಹುದು. ಆರು ಕಂತು ಒಟ್ಟಿಗೆ ಕಟ್ಟಿದರೆ 100ಕ್ಕೆ 10 ರೂಪಾಯಿ ರಿಯಾಯಿತಿ, ಹನ್ನೆರಡು ಕಟ್ಟಿದರೆ 40. ಸಾವಿರದ ಖಾತೆಗೆ ಅದು 100 ಮತ್ತು 400 ರೂಪಾಯಿ. ಮದುವೆ ಸೀಸನ್ನಿನಲ್ಲಿ ಹೊಲಿಗೆಯಿಂದ ಬಂದ ದುಡ್ಡಿನಲ್ಲಿ ಆರು ತಿಂಗಳದ್ದು ಮುಂಚೆಯೇ ಕಟ್ಟಿದ್ದರೆ, ನಾಲ್ಕು ತಿಂಗಳ ಬಾಕಿಗೆ ತೆತ್ತ ಅದೇ ನೂರು ರೂಪಾಯಿ ಅವರಿಗೆ ಉಳಿತಾಯವಾಗಿ ಸಿಗುತ್ತಿತ್ತು.

ಈ ವಾರ ಪಾಸ್‌ಬುಕ್ ತೆಗೆದು ಎರಡು ವಿಷಯ ನೋಡಿ: ಖಾತೆ ತೆರೆದ ತಾರೀಖು, ಕೊನೆಯದಾಗಿ ಜಮಾ ಆದ ಕಂತು ಯಾವ ತಿಂಗಳದ್ದು. ಒಂದೋ ಎರಡೋ ಬಾಕಿ ಇದ್ದರೆ ನಾಲ್ಕಾಗುವ ಮೊದಲು ಕಟ್ಟಿಬಿಡಿ.