ಒಂದು ಸೆಂಟಿನ ನೀಲಿ ಚೀಟಿ: ಹಳೆಯ ಅಂಚೆಚೀಟಿಗಳ ಪುನರ್ಮುದ್ರಣವನ್ನು ಗುರುತಿಸುವ ಬಗೆ

ಕಳೆದ ಮಳೆಗಾಲದಲ್ಲಿ ಮಿತ್ರರೊಬ್ಬರು, ತಮಗೆ ಮಾರಾಟಕ್ಕೆ ಬಂದಿದ್ದ ಅಂಚೆಚೀಟಿಯೊಂದರ ಸ್ಕ್ಯಾನ್ ಚಿತ್ರವನ್ನು ನನಗೆ ಕಳುಹಿಸಿ, ಇದು ಅಸಲಿಯೇ ಎಂದು ಕೇಳಿದರು. ಬೆಂಜಮಿನ್ ಫ್ರಾಂಕ್ಲಿನ್ನನ ಪಾರ್ಶ್ವಮುಖವನ್ನು ಹೊತ್ತ, ಅಮೆರಿಕದ ಒಂದು ಸೆಂಟಿನ ನೀಲಿ ಚೀಟಿಯದು. ಮೇಲೂ ಕೆಳಗೂ ಇರಬೇಕಾದ ಸುರುಳಿಯ ಅಲಂಕಾರಗಳು ಎಲ್ಲಿಯೂ ಮುಕ್ಕಾಗದೆ ಪೂರ್ಣವಾಗಿ ಮೂಡಿದ್ದವು. 1857ರ ಚೀಟಿಗಳಲ್ಲಿ ಇಂತಹ ಪೂರ್ಣಾಲಂಕಾರವುಳ್ಳವು ವಿರಳವಾದುದರಿಂದ, ಮಾರುವವನು ಹೇಳಿದ ಬೆಲೆಯೂ ಅದಕ್ಕೆ ತಕ್ಕಂತೆಯೇ ಇದ್ದಿತು.

ಈ ಚೀಟಿಗೆ ಎರಡು ಜನ್ಮಗಳುಂಟು. 1851ರಲ್ಲಿ ಇದು ಮೊದಲು ಹೊರಬಂದಾಗ ಅಂಚಿಗೆ ರಂಧ್ರಗಳೇ ಇರಲಿಲ್ಲ. ಅಂಚೆಯವರು ಹಾಳೆಯಿಂದ ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಿದ್ದರು. 1857ರಲ್ಲಿ ರಂಧ್ರಸಾಲುಗಳನ್ನು ಹೊಡೆಯುವ ಪದ್ಧತಿ ಬಂದಿತು. ಅಂತರ್ಯುದ್ಧ ಆರಂಭವಾದ 1861ರಲ್ಲಿ, ದಕ್ಷಿಣದ ರಾಜ್ಯಗಳಲ್ಲಿ ಉಳಿದಿದ್ದ ದಾಸ್ತಾನು ಹಣವಾಗದಿರಲೆಂದು, ಸರ್ಕಾರವು ಆ ಚೀಟಿಗಳೆಲ್ಲವನ್ನೂ ಚಲಾವಣೆಯಿಂದ ತೆಗೆದುಹಾಕಿತು. ಆದರೆ 1876ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸ್ವಾತಂತ್ರ್ಯದ ಶತಮಾನೋತ್ಸವದ ಮಹಾಪ್ರದರ್ಶನವು ನಡೆಯಲಿದ್ದುದರಿಂದ, ಅಲ್ಲಿ ಇಡುವುದಕ್ಕೂ ಸಂಗ್ರಾಹಕರಿಗೆ ಮಾರುವುದಕ್ಕೂ ಅಂಚೆ ಇಲಾಖೆಯೇ 1875ರಲ್ಲಿ ಹಳೆಯ ಚೀಟಿಗಳನ್ನು ಮತ್ತೊಮ್ಮೆ ಅಚ್ಚುಹಾಕಿಸಿತು. ಆದ್ದರಿಂದ ಈ ಎರಡನೆಯ ಜನ್ಮದ ಚೀಟಿಯನ್ನು ನಕಲಿ ಎನ್ನುವುದು ಅನ್ಯಾಯ. ಅದು ಸರ್ಕಾರದ್ದೇ ಪುನರ್ಮುದ್ರಣ. ಅದನ್ನು 1857ರದೆಂದು ಹೇಳಿ ಮಾರಿದಾಗ ಮಾತ್ರ ಅದು ವಂಚನೆಯಾಗುತ್ತದೆ.

ಇವೆರಡನ್ನೂ ಬೇರ್ಪಡಿಸುವ ಮೊದಲ ಸಾಕ್ಷಿ ರಂಧ್ರಸಾಲು. ಎರಡು ಸೆಂಟಿಮೀಟರಿನ ಉದ್ದದಲ್ಲಿ ಎಷ್ಟು ರಂಧ್ರಗಳಿವೆಯೋ ಅದೇ ಪರ್ಫೊರೇಷನ್ನಿನ ಅಳತೆಯೆಂಬುದು ಸಂಗ್ರಾಹಕರ ಲೆಕ್ಕ. 1857ರ ಚೀಟಿಗೆ ಹದಿನೈದೂವರೆ, 1875ರದಕ್ಕೆ ಹನ್ನೆರಡು. ಚೀಟಿ ಕೈಯಲ್ಲಿದ್ದರೆ ಅಳತೆಪಟ್ಟಿಯ ಮೇಲಿಟ್ಟು ಕ್ಷಣದಲ್ಲಿ ಹೇಳಿಬಿಡಬಹುದು. ಸ್ಕ್ಯಾನಿನಲ್ಲಿ ಸ್ವಲ್ಪ ಗಣಿತ ಬೇಕು. ಅಂಗುಲಕ್ಕೆ 600 ಚುಕ್ಕೆಗಳಂತೆ ತೆಗೆದ ಚಿತ್ರದಲ್ಲಿ ಎರಡು ಸೆಂಟಿಮೀಟರೆಂದರೆ ಸುಮಾರು 472 ಚುಕ್ಕೆಗಳು. ಒಂದು ರಂಧ್ರದ ನಡುವಿನಿಂದ ಆರಂಭಿಸಿ ಅದರಿಂದಾಚೆ ಹತ್ತನೆಯ ರಂಧ್ರದ ನಡುವಿನವರೆಗೆ ಅಳೆದಾಗ, ಅಸಲಿನಲ್ಲಿ 305 ಚುಕ್ಕೆಗಳ ಆಸುಪಾಸು, ಪುನರ್ಮುದ್ರಣದಲ್ಲಿ 394ರ ಆಸುಪಾಸು ಬರಬೇಕು. ಇಷ್ಟು ದೊಡ್ಡ ಅಂತರದಲ್ಲಿ ಕಣ್ಣು ತಪ್ಪುವ ಸಂಭವವಿಲ್ಲ.

ಆದರೆ ಮಿತ್ರರ ಚಿತ್ರದಲ್ಲಿ ನನಗೆ ದೊರೆತುದು 263! ಎರಡಕ್ಕೂ ಹೊಂದದ ಈ ಸಂಖ್ಯೆಯನ್ನು ನೋಡಿ ಒಂದು ಗಳಿಗೆ ತಬ್ಬಿಬ್ಬಾದೆನಾದರೂ, ಚಿತ್ರವನ್ನು ಕಳುಹಿಸುವಾಗ ಫೋನು ಅದನ್ನು ಕುಗ್ಗಿಸಿರಬೇಕೆಂದು ಆಮೇಲೆ ಹೊಳೆಯಿತು. ಆಗ ಅಳತೆಯನ್ನು ಕೈಬಿಟ್ಟು ಎಣಿಕೆಯನ್ನು ಹಿಡಿದೆನು. ಚಿತ್ರ ಎಷ್ಟೇ ಕುಗ್ಗಲಿ ಹಿಗ್ಗಲಿ, ಹಲ್ಲುಗಳ ಸಂಖ್ಯೆ ಬದಲಾಗುವುದಿಲ್ಲವಷ್ಟೆ. ಇಪ್ಪತ್ತೈದು ಮಿಲಿಮೀಟರಿನ ಅಂಚಿನಲ್ಲಿ ಹದಿನೈದೂವರೆಯ ಲೆಕ್ಕಕ್ಕೆ ಹತ್ತೊಂಬತ್ತರಷ್ಟು ಹಲ್ಲುಗಳು, ಹನ್ನೆರಡರ ಲೆಕ್ಕಕ್ಕೆ ಹದಿನೈದು. ಈ ಚೀಟಿಯ ನೀಳವಾದ ಬದಿಯಲ್ಲಿದ್ದುದು ಹದಿನೈದೇ. ಆದರೂ ನಿಶ್ಚಯಕ್ಕಾಗಿ, ಚೀಟಿಯ ಪಕ್ಕದಲ್ಲಿ ಮಿಲಿಮೀಟರ್ ಗೆರೆಗಳುಳ್ಳ ಉಕ್ಕಿನ ಅಡಿಕೋಲನ್ನಿಟ್ಟು ಮತ್ತೊಂದು ಸ್ಕ್ಯಾನ್ ಬೇಕೆಂದು ಕೇಳಿದೆನು. ಅದರಲ್ಲಿ ಹತ್ತು ರಂಧ್ರಗಳ ಅಂತರ ಹದಿನಾರೂವರೆ ಮಿಲಿಮೀಟರಿಗೆ ಕೊಂಚ ಹೆಚ್ಚಾಗಿ ಬಂದಿತು: ಹನ್ನೆರಡರ ಅಳತೆಯೇ.

ಕಾಗದದ ಬಣ್ಣ ಇದಕ್ಕಿಂತ ಸೂಕ್ಷ್ಮವಾದ ಸಾಕ್ಷಿ. ಇಲ್ಲಿ ಮೋಸಹೋಗುವುದೂ ಸುಲಭ. ಪುನರ್ಮುದ್ರಣದ ಕಾಗದ ಗಡುಸಾದ ಅಚ್ಚಬಿಳಿಯದು, ಅಂಟಿಲ್ಲದೆ ಮಾರಿದುದು. ಅಸಲಿನ ಕಾಗದವೋ ಅಂಟಿನಿಂದಲೂ ಕಾಲದಿಂದಲೂ ತುಸು ಹಳದಿಗೆ ತಿರುಗಿರುತ್ತದೆ. ಆದರೆ ಬಹುತೇಕ ಸ್ಕ್ಯಾನರುಗಳು ತಾವಾಗಿಯೇ ಬಣ್ಣವನ್ನು ತಿದ್ದಿ, ಹಳದಿಯನ್ನು ಬಿಳಿಯಾಗಿಸಿಬಿಡುವ ಉಪಕಾರವನ್ನು ಮಾಡುತ್ತವೆ! ಆ ಸ್ವಯಂತಿದ್ದುಪಡಿಯನ್ನು ನಿಲ್ಲಿಸಿ, ಅದೇ ಕಾಲದ ಅಗ್ಗದ ಚೀಟಿಯೊಂದನ್ನು, ಈ ಸಂದರ್ಭದಲ್ಲಿ 1857ರ ಮೂರು ಸೆಂಟಿನ ಹರಿದ ಚೀಟಿಯಾದರೂ ಸಾಕು, ಅದೇ ಗಾಜಿನ ಮೇಲೆ ಪಕ್ಕಕ್ಕೆ ಇಟ್ಟು ತೆಗೆಯಬೇಕು. ಮುದ್ರಣವಿಲ್ಲದ ಅಂಚಿನ ಒಂದು ಬಿಂದುವಿನಲ್ಲಿ ಕೆಂಪು, ಹಸಿರು, ನೀಲಿಗಳ ಸಂಖ್ಯೆಗಳನ್ನು ಓದಿದರೆ, ಹಳದಿಗೆ ತಿರುಗಿದ ಕಾಗದದಲ್ಲಿ ನೀಲಿಯ ಸಂಖ್ಯೆ ಉಳಿದೆರಡಕ್ಕಿಂತ ಸ್ಪಷ್ಟವಾಗಿ ಕೆಳಗಿರುವುದು ಕಾಣುತ್ತದೆ. ಮಿತ್ರರ ಚೀಟಿಯಲ್ಲಿ ಮೂರೂ ಹೆಚ್ಚುಕಡಮೆ ಸಮವಾಗಿದ್ದವು. ಪಕ್ಕದ ಮೂರು ಸೆಂಟಿನದರಲ್ಲಿ ಹಾಗಿರಲಿಲ್ಲ. ಚಹದ ಕಷಾಯದಲ್ಲಿ ಅದ್ದಿ ಬಿಳಿಯ ಕಾಗದವನ್ನು ಮುದಿಯಾಗಿಸುವವರೂ ಇದ್ದಾರೆ. ಹಾಗೆ ಅದ್ದಿದಾಗ ಬಣ್ಣವು ಹಲ್ಲುಗಳ ತುದಿಯ ನಾರಿನಲ್ಲಿ ಹೆಚ್ಚಾಗಿ ಹೀರಿಕೊಂಡು ಕಪ್ಪಾಗುವುದುಂಟು, ಆದ್ದರಿಂದ ಹಿಂಬದಿಯ ಸ್ಕ್ಯಾನನ್ನು ಹಿಗ್ಗಿಸಿ ನೋಡಬೇಕು.

ವಾಟರ್‌ಮಾರ್ಕ್ ಎಂದು ವಾಡಿಕೆಯಲ್ಲಿರುವ ನೀರ್ಗುರುತಿನ ವಿಷಯದಲ್ಲಿ ಈ ಅಮೆರಿಕದ ಚೀಟಿ ನಮಗೆ ಏನೂ ಹೇಳದು. ಆ ದೇಶದ ಅಂಚೆಚೀಟಿಗಳಿಗೆ ಅದು ಬಂದುದು 1895ರಲ್ಲಿ. ನಮ್ಮ ದೇಶದ ಚೀಟಿಗಳಲ್ಲಾದರೋ ಅದೇ ಮುಖ್ಯವಾದ ಸಾಕ್ಷಿ. ವಿಕ್ಟೋರಿಯಾ ರಾಣಿಯ ಮುಖವುಳ್ಳ, ರಂಧ್ರದ ಅಳತೆ ಹದಿನಾಲ್ಕೇ ಆದ ಚೀಟಿಗಳು ಮೊದಲು ಗುರುತಿಲ್ಲದ ಕಾಗದದಲ್ಲಿಯೂ, 1865ರಿಂದ ಆನೆಯ ತಲೆಯ ಗುರುತುಳ್ಳ ಕಾಗದದಲ್ಲಿಯೂ ಅಚ್ಚಾದವು. ಮುಂಭಾಗದ ಸ್ಕ್ಯಾನನ್ನು ಎಷ್ಟು ದಿಟ್ಟಿಸಿದರೂ ಅವೆರಡರ ಭೇದ ತಿಳಿಯದು. ಗುರುತಿರುವೆಡೆಯಲ್ಲಿ ಕಾಗದ ತೆಳುವಾಗಿರುವುದರಿಂದ, ಚೀಟಿಯನ್ನು ಬೋರಲಾಗಿಸಿ ಕಪ್ಪು ತಟ್ಟೆಯಲ್ಲಿಟ್ಟು ಲೈಟರಿಗೆ ಹಾಕುವ ಪೆಟ್ರೋಲನ್ನು ನಾಲ್ಕು ಹನಿ ಬಿಟ್ಟರೆ, ಆನೆಯ ತಲೆ ಸುತ್ತಲಿನ ಕಾಗದಕ್ಕಿಂತ ಕಪ್ಪಾಗಿ ಕೆಲವು ಕ್ಷಣ ಮೂಡಿ ನಿಲ್ಲುತ್ತದೆ. ಅದು ಆರುವುದರೊಳಗೆ ಫೋಟೋ ತೆಗೆದುಕೊಳ್ಳಬೇಕು. ಸ್ಕ್ಯಾನರಿನ ಗಾಜಿನ ಮೇಲೆ ಪೆಟ್ರೋಲನ್ನು ತರಲೇಬಾರದು, ಬಳಿ ದೀಪವೂ ಇರಬಾರದು.

ಈ ಮೂರು ಸಾಕ್ಷಿಗಳೂ ಸರಿಯಾಗಿದ್ದರೆ ಚೀಟಿ ಅಸಲಿಯೇ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕಾಗಿದೆ. ಫ್ರಾನ್ಸಿನಲ್ಲಿ ನೆಲೆಸಿದ್ದ ಜೀನ್ ಡಿ ಸ್ಪೆರಾಟಿ ಎಂಬಾತನು ಹಳೆಯ ಕಾಲದ ಅಗ್ಗದ ಅಸಲಿ ಚೀಟಿಯ ಮುದ್ರಣವನ್ನು ರಾಸಾಯನಿಕದಿಂದ ಅಳಿಸಿ, ಅದೇ ಕಾಗದದ ಮೇಲೆ ಬೆಲೆಬಾಳುವ ಚೀಟಿಯ ಚಿತ್ರವನ್ನು ಅಚ್ಚುಹಾಕುತ್ತಿದ್ದನು. ಕಾಗದ, ನೀರ್ಗುರುತು, ರಂಧ್ರ ಎಲ್ಲವೂ ಅಸಲಿಯವೇ, ಸುಳ್ಳಾದುದು ಶಾಯಿಯೊಂದೇ. 1942ರಲ್ಲಿ ಫ್ರೆಂಚ್ ಸುಂಕದ ಅಧಿಕಾರಿಗಳು ಅವನ ಪಾರ್ಸೆಲನ್ನು ಹಿಡಿದಾಗ, ಪರೀಕ್ಷಿಸಿದ ತಜ್ಞರು ಅವು ಅಸಲಿ ಚೀಟಿಗಳೆಂದೇ ಅಭಿಪ್ರಾಯಪಟ್ಟರು; ತಾನು ಬೆಲೆಬಾಳುವ ವಸ್ತುವನ್ನು ಸಾಗಿಸುತ್ತಿಲ್ಲ, ನಕಲು ಮಾಡಿದ್ದೇನೆಂದು ಅವನೇ ಸಾಧಿಸಬೇಕಾಯಿತು. ಕೆತ್ತನೆಯಿಂದ ಅಚ್ಚಾದ ಚೀಟಿಯಲ್ಲಿ ಶಾಯಿ ಕಾಗದದ ಮೇಲೆ ಉಬ್ಬಿ ನಿಂತಿರುತ್ತದೆ. ಆ ಉಬ್ಬನ್ನು ನೇರ ಬೆಳಕಿನ ಸ್ಕ್ಯಾನರು ಮಟ್ಟಸವಾಗಿಸಿಬಿಡುವುದರಿಂದ, ಸ್ಪೆರಾಟಿಯಂಥವನ ಕೆಲಸವನ್ನು ಕೈಯಲ್ಲಿ ಹಿಡಿದು ಭೂತಗನ್ನಡಿಯಲ್ಲಿಯೇ ಪರೀಕ್ಷಿಸಬೇಕು. ಸ್ಕ್ಯಾನನ್ನು ನೋಡಿ ಚೀಟಿಯನ್ನು ತಳ್ಳಿಹಾಕಬಹುದು, ಅಂಗೀಕರಿಸಲಾಗದು.

ಮಿತ್ರರಿಗೆ ನಾನು ಬರೆದ ಉತ್ತರ ಚಿಕ್ಕದು: ಇದು 1875ರ ಪುನರ್ಮುದ್ರಣ, ಕೇಳಿದ ಬೆಲೆಗೆ ಕೊಳ್ಳಬೇಡಿ, ಆದರೆ 1857ರ ಸಾಮಾನ್ಯ ಒಂದು ಸೆಂಟಿನ ಚೀಟಿಗಿಂತ ಇದು ಎಷ್ಟೋ ದುರ್ಲಭವಾದುದರಿಂದ, ತಕ್ಕ ಬೆಲೆಗೆ ಕೊಟ್ಟರೆ ಬಿಡಲೂ ಬೇಡಿ. ಚೌಕಾಶಿ ಒಂದು ತಿಂಗಳು ನಡೆಯಿತಂತೆ. ಈಗ ಅದು ಅವರ ಆಲ್ಬಮ್ಮಿನಲ್ಲಿ, ಕೆಳಗೆ 1875 ಎಂದು ಪೆನ್ಸಿಲಿನಲ್ಲಿ ಬರೆದ ಪುಟದಲ್ಲಿದೆ.