ಮೆಲುದನಿಯಲ್ಲಿ ಗೆದ್ದವರು, ಅಬ್ಬರದಲ್ಲಿ ಎಡವಿದರು

ಶಾಲಾ ಮಕ್ಕಳ ವಾದ್ಯವೃಂದವೆಂದರೆ ‘ಚೆನ್ನಾಗಿ ನುಡಿಸಿದರು’ ಎಂದು ಬೆನ್ನು ತಟ್ಟಿ ಎದ್ದು ಬರುವುದು ರೂಢಿ. ತಿಂಗಳುಗಟ್ಟಲೆ ಬೆವರು ಹರಿಸಿದ ಮಕ್ಕಳಿಗೆ ಅಷ್ಟು ಸಾಲದು. ಬೆಂಗಳೂರಿನ ಶಾಲೆಯೊಂದರ ವಾರ್ಷಿಕ ಕಛೇರಿಯಲ್ಲಿ ಮಕ್ಕಳು ಎತ್ತಿಕೊಂಡದ್ದು ನಾರ್ವೆಯ ಎಡ್ವರ್ಡ್ ಗ್ರೀಗ್‌ನ ‘ಪೀರ್ ಗಿಂಟ್’ ಮೊದಲ ಗುಚ್ಛ. ಇಬ್ಸೆನ್ನನ ನಾಟಕ 1876ರಲ್ಲಿ ರಂಗಕ್ಕೆ ಬಂದಾಗ ಗ್ರೀಗ್ ಕೊಟ್ಟ ಸಂಗೀತದಿಂದ ಅವನೇ ಮುಂದೆ ಆರಿಸಿದ ನಾಲ್ಕು ಭಾಗಗಳು ಇದರಲ್ಲಿವೆ.

ಮೊದಲ ಭಾಗ ಬೆಳಗಿನ ಚಿತ್ರ. ಫ್ಲೂಟ್ ಹೇಳಿದ್ದನ್ನು ಓಬೋ ಮರುನುಡಿಯಬೇಕು. ಇಲ್ಲಿ ಎರಡರ ಶ್ರುತಿ ಕೂಡಲಿಲ್ಲ, ಫ್ಲೂಟ್ ಕೂದಲೆಳೆಯಷ್ಟು ಕೆಳಗಿತ್ತು. ತಪ್ಪು ಹುಡುಗಿಯದಲ್ಲ. ಶ್ರುತಿ ಮಾಡಿಕೊಂಡ ಮೇಲೆ ಅತಿಥಿಗಳ ಭಾಷಣ ಮುಗಿಯುವವರೆಗೆ ಮಕ್ಕಳು ಎ.ಸಿ. ಸಭಾಂಗಣದಲ್ಲಿ ಸುಮ್ಮನೆ ಕೂತಿದ್ದರು. ಊದುವ ವಾದ್ಯ ತಣ್ಣಗಾದರೆ ಅದರ ಶ್ರುತಿ ಇಳಿಯುತ್ತದೆ. ನುಡಿಸುವ ಮುನ್ನ ಓಬೋದಿಂದ ಇನ್ನೊಮ್ಮೆ ಸ್ವರ ಪಡೆಯಲು ಅರ್ಧ ನಿಮಿಷ ಸಾಕಿತ್ತು.

ಎರಡನೆಯದು, ಪೀರ್‌ನ ತಾಯಿ ಓಸೆಯ ಸಾವು. ಬರೀ ತಂತಿವಾದ್ಯಗಳು. ಕುದುರೆಯ ಮೇಲೆ ಚಿಕ್ಕ ಮ್ಯೂಟ್ ಸಿಕ್ಕಿಸಿದಾಗ ದನಿ ಮುಸುಕು ಹಾಕಿಕೊಂಡಂತಾಗುತ್ತದೆ. ನಿಧಾನದ ಉದ್ದ ಸ್ವರಗಳಲ್ಲಿ ಎಳೆಯರು ಕಮಾನನ್ನು ಶುರುವಿನಲ್ಲೇ ದುಂದು ಮಾಡುತ್ತಾರೆ, ಸ್ವರ ಮುಗಿಯುವ ಮೊದಲೇ ಕಮಾನು ಮುಗಿದು ದನಿ ಬತ್ತುತ್ತದೆ. ಈ ಮಕ್ಕಳು ಹಾಗೆ ಮಾಡಲಿಲ್ಲ. ಹಿಂದಿನ ಸಾಲಿನ ಪಿಟೀಲುಗಳ ಕಮಾನು ಕೂಡ ಮುಂದಿನವರ ಜೊತೆಗೇ ತುದಿ ಮುಟ್ಟುತ್ತಿತ್ತು. ಕೊನೆಯ ಇಳಿಕೆಯಲ್ಲಿ ಒಂದೆರಡು ಸ್ವರ ಅಳುಕಿದವು, ನಿಜ. ಆದರೂ ಇಡೀ ಸಂಜೆಯಲ್ಲಿ ಸಂಗೀತವೆನ್ನಿಸಿದ್ದು ಇಲ್ಲೇ. ಸಭೆ ಚಪ್ಪಾಳೆಯನ್ನು ಮಾತ್ರ ಕೊನೆಯ ಭಾಗಕ್ಕೆ ಮೀಸಲಿಟ್ಟಿತ್ತು! ನಡುವಿನ ಅನಿತ್ರಾಳ ನೃತ್ಯ ಅಚ್ಚುಕಟ್ಟಾಗಿತ್ತು, ಅಷ್ಟೇ.

ಆ ಕೊನೆಯ ಭಾಗ ‘ಬೆಟ್ಟದ ರಾಜನ ಸಭೆ’. ಚೆಲ್ಲೋ, ಡಬಲ್ ಬಾಸ್‌ಗಳ ಕೆಳದನಿಯಲ್ಲಿ ಪಿಸುಗುಟ್ಟುತ್ತಾ ಶುರುವಾಗುವ ಒಂದೇ ರಾಗಮಾಲೆ ಮತ್ತೆ ಮತ್ತೆ ಬಂದು, ಏರುತ್ತಾ, ಓಡುತ್ತಾ ಸ್ಫೋಟಿಸುತ್ತದೆ. ಏರಲು ಜಾಗ ಉಳಿಸಿಕೊಳ್ಳುವುದೇ ಇಲ್ಲಿನ ಜಾಣ್ಮೆ. ಮಕ್ಕಳು ಪಿಸುಮಾತಿನ ಬದಲು ಮಾಮೂಲು ಮಾತಿನ ದನಿಯಲ್ಲಿ ಹೊರಟರು, ವೇಗವನ್ನೂ ಮೊದಲೇ ಏರಿಸಿಬಿಟ್ಟರು. ಅರ್ಧ ದಾರಿಯಲ್ಲೇ ಪಿಟೀಲುಗಳ ಬೆರಳು ಸೋತವು, ತಾಳವಾದ್ಯಗಳು ಮುಂದೆ ಹೋದವು. ಕೊನೆಯ ಪೆಟ್ಟುಗಳ ನಡುವಿನ ಮೌನದಲ್ಲಿ ಡೋಲೊಂದು ಒಂಟಿಯಾಗಿ ಬಡಿಯಿತು. ಮಕ್ಕಳ ಉತ್ಸಾಹ ಹೀಗೆ ಹರಿಯುವುದು ಸಹಜ, ಅದನ್ನು ಹಿಡಿದು ನಡೆಸಬೇಕಾದದ್ದು ಕಂಡಕ್ಟರರ ಎಡಗೈ. ಅಂದು ಆ ಕೈ ಪುಟ ತಿರುವುವುದರಲ್ಲೇ ಇತ್ತು.

ಹಾಗಾಗಿ ತಂತಿ ವಿಭಾಗಕ್ಕೆ ಪೂರ್ತಿ ಅಂಕ, ಕಂಡಕ್ಟರರಿಗೆ ಅರ್ಧ. ಭಾಷಣಗಳನ್ನು ಮುಂದಿನ ವರ್ಷ ಕಛೇರಿ ಮುಗಿದ ಮೇಲೆ ಇಟ್ಟುಕೊಳ್ಳಿ.