ಒಂದು ಸಾಲಿನ ಹಿಂದಿನ ಕೆಲಸ

ರಾಣೇಬೆನ್ನೂರಿನ ಲೇತ್ ಅಂಗಡಿಯ ಹಿರಿಯ ಟರ್ನರ್ ಒಬ್ಬರು ತಮ್ಮ ಪರಿಚಯಪತ್ರವನ್ನು ಕೈಗಿತ್ತರು. ಒಂದೇ ಹಾಳೆ. ಮೇಲೆ ಪ್ರಮಾಣಪತ್ರಗಳು: ಎರಡು ವರ್ಷದ ಐಟಿಐ ಟರ್ನರ್ ತರಬೇತಿ, ಆಮೇಲೆ ಅಪ್ರೆಂಟಿಸ್. ನಡುವೆ ಯಂತ್ರಗಳು: ಹರಿಹರದಲ್ಲಿ ತಯಾರಾದ ಮೈಸೂರು ಕಿರ್ಲೋಸ್ಕರ್ ಲೇತ್, ಡ್ರಿಲ್ಲಿಂಗ್, ವೆಲ್ಡಿಂಗ್. ಕೊನೆಯಲ್ಲಿ ಮಾಡಿದ ಕೆಲಸಗಳು. ಅಲ್ಲೊಂದು ಸಾಲು: ‘ಬ್ಯಾಡಗಿ ಮೆಣಸಿನಕಾಯಿ ಗಿರಣಿಯ ಶಾಫ್ಟ್ ರಿಪೇರಿ.’

“ಇಷ್ಟ ಏನ್ರಿ?” ಎಂದೆ. “ಮಾಡಿದ್ದು ಅಷ್ಟರೀ” ಎಂದು ನಕ್ಕರು. ಕೇಳುತ್ತ ಹೋದಂತೆ ಆ ಸಾಲು ಬಿಚ್ಚಿಕೊಂಡಿತು.

ಗಿರಣಿ ಗಡಗಡ ಎನ್ನುತ್ತಿತ್ತು. ಬಿಚ್ಚಿದರೆ ಬೇರಿಂಗ್ ಸರಿಯಾಗೇ ಇತ್ತು. ಆದರೆ ಅದು ಕೂರುವ ಜಾಗದಲ್ಲಿ ಶಾಫ್ಟ್ ಹೊಳಪಾಗಿ ಸವೆದು, ಅಂಚಿಗೆ ಕಂದು ಪುಡಿ ಮೆತ್ತಿತ್ತು. ಬೇರಿಂಗಿನ ಒಳಬಳೆ ಶಾಫ್ಟಿನ ಮೇಲೇ ಜಾರಿ ತಿರುಗುತ್ತಿದೆ ಎಂಬುದಕ್ಕೆ ಇದೇ ಗುರುತು. 6210 ನಂಬರಿನ ಬೇರಿಂಗಿನ ಒಳವ್ಯಾಸ 50 ಮಿ.ಮೀ.; ಶಾಫ್ಟ್ 49.80ಕ್ಕೆ ಇಳಿದಿತ್ತು. ಪಂಚಿನಿಂದ ಚುಕ್ಕೆ ಹೊಡೆದು ಬಿಗಿ ಮಾಡುವವರೂ ಉಂಟು. ಆದರೆ ಚುಕ್ಕೆಯ ಸುತ್ತ ಎದ್ದ ಉಬ್ಬುಗಳು ಬೇಗನೆ ಚಪ್ಪಟೆಯಾಗಿ ಬೇರಿಂಗ್ ಮತ್ತೆ ಸಡಿಲಾಗುತ್ತದೆ.

ಇವರು ಸವೆದ ಭಾಗವನ್ನು 46ಕ್ಕೆ ಕಡೆದು, ಬಿರುಕಿಲ್ಲವೆಂದು ನೋಡಿಕೊಂಡು, ಶಾಫ್ಟನ್ನು ಬಿಸಿ ಮಾಡಿ ವೆಲ್ಡಿಂಗ್‌ನಿಂದ ತುಂಬಿದರು. ಒಂದು ಗೆರೆ ಈ ಬದಿಗೆ, ಮುಂದಿನದು ಅದರ ಎದುರು ಬದಿಗೆ. ಒಂದೇ ಕಡೆ ತುಂಬುತ್ತ ಹೋದರೆ ಶಾಫ್ಟ್ ಬಾಗುತ್ತದೆ. ತುಂಬಿದ ಮೇಲೆ ನೀರಿಗೆ ಹಾಕದೆ ಬೂದಿಯಲ್ಲಿ ಹೂತರು, ಏಕೆಂದರೆ ಥಟ್ಟನೆ ತಣಿದ ಉಕ್ಕು ಗಡುಸಾಗಿ ಬಿರುಕು ಬಿಡುತ್ತದೆ. ಮರುದಿನ ಎರಡೂ ತುದಿ ಸೆಂಟರಿಗೆ ಹಿಡಿದು, ಡಯಲ್ ಗೇಜ್ ಇಟ್ಟು ಬಾಗು ನೋಡಿ ತೆಗೆದು, ಆಮೇಲೆ ಕಡೆದರು.

ಕೊನೆಯ ಅಳತೆಯಲ್ಲೇ ಕಸುಬು ಕಾಣುವುದು. ಬೇರಿಂಗ್ ಬಿಗಿಯಾಗಿ ಕೂರಲು ಶಾಫ್ಟ್ 50.002ರಿಂದ 50.018ರ ಒಳಗಿರಬೇಕು. ಕಡೆಯುವಾಗ ಶಾಫ್ಟ್ ಕಾಯುತ್ತದೆ. 30 ಡಿಗ್ರಿ ಹೆಚ್ಚು ಬಿಸಿಯಿದ್ದರೆ 50 ಮಿ.ಮೀ. ಉಕ್ಕು ಸುಮಾರು 0.018 ಮಿ.ಮೀ. ಹಿಗ್ಗಿರುತ್ತದೆ. ಬಿಸಿಯಲ್ಲಿ 50.012 ತೋರಿದ್ದು ತಣಿದಾಗ 49.994! ಅದಕ್ಕೇ ಅವರು ಕೊನೆಯ ಕಟ್‌ಗೆ ಮುಂಚೆ ಮಷಿನ್ ನಿಲ್ಲಿಸಿ, ಚಹಾ ಕುಡಿದು ಬಂದು ಮೈಕ್ರೋಮೀಟರ್ ಹಿಡಿದರು. ಬೇರಿಂಗನ್ನೂ ಸುತ್ತಿಗೆಯಿಂದ ಹೊಡೆಯಲಿಲ್ಲ. ನೂರು ಡಿಗ್ರಿಯೊಳಗೆ ಎಣ್ಣೆಯಲ್ಲಿ ಕಾಯಿಸಿ ಜಾರಿಸಿದರು. ಬಿರುಕು ಕಂಡಿದ್ದರೆ ಈ ರಿಪೇರಿಯೇ ಬೇಡ, ಹೊಸ ಶಾಫ್ಟೇ ಸರಿ ಎನ್ನುತ್ತಾರೆ.

ಅವರ ಹಾಳೆಯ ಆ ಸಾಲನ್ನು ಕೂತು ತಿದ್ದಿದೆವು: ‘ಮೆಣಸಿನಕಾಯಿ ಗಿರಣಿ ಶಾಫ್ಟ್, 6210 ಬೇರಿಂಗ್ ಜಾಗ, 49.80ರಿಂದ ತುಂಬಿ 50.010ಕ್ಕೆ ಕಡೆದದ್ದು, ಬಾಗು ಪರೀಕ್ಷಿಸಿದೆ.’ ಕೆಲಸ ಬಲ್ಲ ಮಾಲೀಕ ಮೊದಲು ಓದುವುದು ಈ ಸಾಲನ್ನೇ. ನಿಮ್ಮ ಪರಿಚಯಪತ್ರದಲ್ಲೂ ಕೆಲಸದ ಹೆಸರಿನ ಜೊತೆ ಅಳತೆ ಬರೆಯಿರಿ.